ಫ್ಲೆಕ್ಸಿ ಸೌಲಭ್ಯಗಳಾಗಿ ಊಟದ ವೋಚರ್ ಮತ್ತು ಮಕ್ಕಳ ಭತ್ಯೆ

ಫ್ಲೆಕ್ಸಿ ಸೌಲಭ್ಯಗಳು ಎಂದರೆ ಉದ್ಯೋಗಿಯ ಒಟ್ಟು ವಾರ್ಷಿಕ ವೇತನವನ್ನು (ಸಿಟಿಸಿ) ಹೆಚ್ಚಿಸದೆ, ಅದರ ಒಂದು ಭಾಗವನ್ನು ಯಾವ ರೂಪದಲ್ಲಿ ಪಡೆಯಬೇಕೆಂಬ ಆಯ್ಕೆಯನ್ನು ಉದ್ಯೋಗಿಗೇ ಬಿಡುವ ವ್ಯವಸ್ಥೆ. ಭಾರತದ ಖಾಸಗಿ ಸಂಸ್ಥೆಗಳಲ್ಲಿ ಇಂತಹ ಮೊತ್ತವನ್ನು ಸಾಮಾನ್ಯವಾಗಿ ವಿಶೇಷ ಭತ್ಯೆಯಿಂದ ತೆಗೆದು ಊಟದ ವೋಚರ್, ಮಕ್ಕಳ ಶಿಕ್ಷಣ ಭತ್ಯೆ ಮುಂತಾದ ಶೀರ್ಷಿಕೆಗಳಿಗೆ ಹಂಚಲಾಗುತ್ತದೆ. ಈ ಲೇಖನದ ಲೆಕ್ಕಗಳು 2025-26ನೇ ಹಣಕಾಸು ವರ್ಷಕ್ಕೆ ಸಂಬಂಧಿಸಿವೆ.

## ತೆರಿಗೆ ನಿಯಮ

2025-26ರಲ್ಲಿ ಜಾರಿಯಲ್ಲಿದ್ದ 1962ರ ಆದಾಯ ತೆರಿಗೆ ನಿಯಮಗಳ ಪ್ರಕಾರ, ಕೆಲಸದ ವೇಳೆಯ ಊಟಕ್ಕೆ ನೀಡುವ ವೋಚರ್‌ಗೆ ಪ್ರತಿ ಊಟಕ್ಕೆ 50 ರೂಪಾಯಿವರೆಗೆ ತೆರಿಗೆ ಇರಲಿಲ್ಲ. ವೋಚರ್ ಬೇರೊಬ್ಬರಿಗೆ ವರ್ಗಾಯಿಸಲಾಗದಂತಿರಬೇಕಿತ್ತು ಮತ್ತು ಆಹಾರ ಮಳಿಗೆಗಳಲ್ಲಿ ಮಾತ್ರ ಬಳಕೆಯಾಗಬೇಕಿತ್ತು. ಮಕ್ಕಳ ಶಿಕ್ಷಣ ಭತ್ಯೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 100 ರೂಪಾಯಿಯಂತೆ, ಗರಿಷ್ಠ ಇಬ್ಬರು ಮಕ್ಕಳಿಗೆ ವಿನಾಯಿತಿ ಇತ್ತು. ಡೇಕೇರ್ ವೆಚ್ಚಕ್ಕೆಂದು ನಗದಾಗಿ ಕೊಡುವ ಭತ್ಯೆಗೆ ಪ್ರತ್ಯೇಕ ವಿನಾಯಿತಿ ಇಲ್ಲ; ಅದು ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ.

ವೋಚರ್ ಮತ್ತು ಶಿಕ್ಷಣ ಭತ್ಯೆಯ ಈ ವಿನಾಯಿತಿಗಳು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ದೊರೆಯುತ್ತಿದ್ದವು. 2023-24ರಿಂದ ಹೊಸ ಪದ್ಧತಿಯೇ ಪೂರ್ವನಿಯೋಜಿತವಾಗಿರುವುದರಿಂದ, ಹಳೆಯದು ಬೇಕಾದವರು ಅದನ್ನು ಸ್ಪಷ್ಟವಾಗಿ ಆರಿಸಿಕೊಳ್ಳಬೇಕಾಗುತ್ತದೆ.

## ಕೈಗೆ ಬರುವ ಸಂಬಳದ ಲೆಕ್ಕ

ಹಳೆಯ ಪದ್ಧತಿಯಲ್ಲಿ 20 ಶೇಕಡಾ ತೆರಿಗೆ ಹಂತದಲ್ಲಿರುವ ಉದ್ಯೋಗಿಯೊಬ್ಬರು ತಿಂಗಳಿಗೆ 22 ದಿನ, ದಿನಕ್ಕೆ ಎರಡು ಊಟದ ಲೆಕ್ಕದಲ್ಲಿ 2,200 ರೂಪಾಯಿ ವೋಚರ್ ಆರಿಸಿದರೆಂದು ಭಾವಿಸಬಹುದು. 4 ಶೇಕಡಾ ಸೆಸ್ ಸೇರಿ ತೆರಿಗೆಯ ದರ 20.8 ಶೇಕಡಾ ಆಗುತ್ತದೆ. ಈ 2,200 ರೂಪಾಯಿ ನಗದಾಗಿದ್ದರೆ ತೆರಿಗೆ ಕಳೆದು 1,742.40 ರೂಪಾಯಿ ಕೈಗೆ ಬರುತ್ತಿತ್ತು. ವೋಚರ್ ಆರಿಸಿದಾಗ ಬ್ಯಾಂಕ್ ಖಾತೆಗೆ ಬರುವ ಹಣ ಅಷ್ಟೇ ಕಡಿಮೆಯಾಗುತ್ತದೆ, ಆದರೆ 2,200 ರೂಪಾಯಿ ಮೌಲ್ಯದ ಆಹಾರ ದೊರೆಯುತ್ತದೆ. ನಿಜವಾದ ಲಾಭ 457.60 ರೂಪಾಯಿ.

ಮಕ್ಕಳ ಶಿಕ್ಷಣ ಭತ್ಯೆ ನಗದಾಗಿಯೇ ಸಿಗುವುದರಿಂದ ಅದರ ಪರಿಣಾಮ ಬೇರೆ. ಇಬ್ಬರು ಮಕ್ಕಳಿಗೆ 200 ರೂಪಾಯಿ ಆರಿಸಿದರೆ ಕೈಗೆ ಬರುವ ಸಂಬಳ ತಗ್ಗದೆ, ತಿಂಗಳಿಗೆ 41.60 ರೂಪಾಯಿ ಹೆಚ್ಚುತ್ತದೆ.

## ಮಿತಿಗಳು

2025-26ರಲ್ಲಿ ಹೊಸ ಪದ್ಧತಿಯಲ್ಲಿದ್ದವರು ಅದೇ ವೋಚರ್ ಆರಿಸಿದರೆ ತೆರಿಗೆ ಉಳಿಯುತ್ತಿರಲಿಲ್ಲ. ಅವರ ಖಾತೆಗೆ ಬರುವ ಹಣ ಪೂರ್ಣ 2,200 ರೂಪಾಯಿ ಇಳಿಯುತ್ತಿತ್ತು ಮತ್ತು ಆ ಮೊತ್ತ ಆಹಾರಕ್ಕಷ್ಟೇ ಬಳಕೆಯಾಗುತ್ತಿತ್ತು. ಇದನ್ನು ಸಂಬಳದ ಚೀಟಿಯಲ್ಲೇ ಗುರುತಿಸಬಹುದು: ವೋಚರ್ ಆರಂಭವಾದ ತಿಂಗಳಲ್ಲಿ ವಿಶೇಷ ಭತ್ಯೆ ಇಳಿದಿದ್ದರೂ ಮೂಲದಲ್ಲಿ ಕಡಿತವಾಗುವ ತೆರಿಗೆ ಇಳಿದಿಲ್ಲವಾದರೆ ವಿನಾಯಿತಿ ಲೆಕ್ಕಕ್ಕೆ ಬಂದಿಲ್ಲವೆಂದು ತಿಳಿಯಬೇಕು.

ಹಳೆಯ ಪದ್ಧತಿಯಲ್ಲಿ ಕೂಡ ಮನೆಯ ಬಾಡಿಗೆ ಭತ್ಯೆ, 80ಸಿ ಹೂಡಿಕೆಗಳಂತಹ ಇತರ ವಿನಾಯಿತಿಗಳು ಕಡಿಮೆಯಿದ್ದರೆ, ವೋಚರ್‌ನಿಂದ ಉಳಿಯುವ ಮೊತ್ತಕ್ಕಿಂತ ಹೊಸ ಪದ್ಧತಿಯ ತಗ್ಗಿದ ದರಗಳಿಂದ ಉಳಿಯುವುದೇ ಹೆಚ್ಚಾಗಬಹುದು. ಆದ್ದರಿಂದ ಪದ್ಧತಿಯ ಆಯ್ಕೆ ಮೊದಲು, ವೋಚರ್‌ನ ಆಯ್ಕೆ ಆಮೇಲೆ ಎಂಬ ಕ್ರಮದಲ್ಲಿ ಲೆಕ್ಕ ಹಾಕಲಾಗುತ್ತದೆ.