ರಾಗಿ ಬಂದಳು, ಕಾಲೊರಸು ಹೋಯಿತು

ಕಾರ್ತಿಕ ಮಾಸದ ಒಂದು ರಾತ್ರಿ ನಮ್ಮ ಬೀದಿಯ ಟೀ ಅಂಗಡಿಯ ಹಿಂದಿನಿಂದ ಒಂದು ಹೆಣ್ಣು ಮರಿಯನ್ನು ಮನೆಗೆ ತಂದೆವು. ಹುರಿದ ರಾಗಿಯ ಬಣ್ಣವಿದ್ದುದರಿಂದ ರಾಗಿ ಎಂದೇ ಹೆಸರಿಟ್ಟೆವು. ಹಲ್ಲು ನೋಡಿದ ಪಶುವೈದ್ಯರು, ಸುಮಾರು ಏಳು ವಾರದ್ದು ಎಂದರು. ಮಾರನೆಯ ದಿನ ಮಗಳು ಫೋಟೊ ತೆಗೆದು ಅದರ ಕೆಳಗೆ, "ನಮ್ಮ ಮನೆಯ ಹೊಸ ಸದಸ್ಯೆ, ಮುದ್ದು ರಾಗಿ" ಎಂದು ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಫೋಟೊದ ಅಂಚಿನಲ್ಲಿ ಒದ್ದೆಯಾದ ದಿನಪತ್ರಿಕೆಯೊಂದು ಕಾಣುತ್ತಿತ್ತು, ಅದನ್ನು ಮಾತ್ರ ಕತ್ತರಿಸಿಬಿಟ್ಟಿದ್ದಳು.

ಕತ್ತರಿಸಬಾರದಿತ್ತು ಎಂದು ನನಗನ್ನಿಸಿತು. ಅಂಥ ಫೋಟೊ ನೋಡಿ ಆಸೆಪಟ್ಟು ಮರಿ ತಂದವರು ಮನೆತುಂಬ ಉಚ್ಚೆ ಕಂಡು, ಎರಡು ವಾರಕ್ಕೆ ಅದನ್ನು ಮತ್ತೆ ಬೀದಿಗೆ ಬಿಟ್ಟದ್ದನ್ನು ನೋಡಿದ್ದೇನೆ. ಅಷ್ಟರಲ್ಲಿ ಮರಿ ತಾಯಿಯಿಂದ ದೂರವಾಗಿರುತ್ತದೆ, ಬೀದಿಯಲ್ಲಿ ಅನ್ನ ಹುಡುಕುವುದನ್ನೂ ಕಲಿತಿರುವುದಿಲ್ಲ. ಹಾಗಾಗಿ ಕ್ಯಾಪ್ಷನ್ನಿನ ಎರಡು ಸಾಲಲ್ಲಿ ಗಲೀಜಿಗೂ ಜಾಗ ಇರಬೇಕು.

ನಾನು ಇನ್ನೊಂದು ಬರೆದೆ: "ರಾತ್ರಿ ನಿದ್ದೆಯಿಲ್ಲ, ಚಾಪೆ ಹೋಯಿತು, ಚಪ್ಪಲಿ ಹೋಯಿತು, ಮನೆಯೆಲ್ಲ ವಾಸನೆ." ಇದೂ ನಿಜವೇ, ಆದರೆ ದೂರಿನ ಹಾಗೆ ಕೇಳುತ್ತದೆ. ಓದಿದವರು ಮರಿಯ ಮೇಲೆ ಬೇಸರಪಟ್ಟುಕೊಳ್ಳುತ್ತಾರೆ. ಏಳು ವಾರದ ಮರಿಗೆ ಉಚ್ಚೆ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಎಚ್ಚರವಿದ್ದಾಗ ಗಂಟೆಗೊಮ್ಮೆಯಾದರೂ ಮಾಡುತ್ತದೆ, ಹಿಡಿತ ಬರುವುದಕ್ಕೆ ನಾಲ್ಕು ತಿಂಗಳಾದರೂ ಆಗಬೇಕು. ಅದು ವಯಸ್ಸಿನ ಗುಣ, ತಪ್ಪಲ್ಲ. ಆದ್ದರಿಂದ ಕ್ಯಾಪ್ಷನ್ನಿನಲ್ಲಿ ವಯಸ್ಸು ಬರೆಯಲೇಬೇಕು. ವಯಸ್ಸು ಗೊತ್ತಾದರೆ ಓದುವವರಿಗೆ ಗಲೀಜಿನ ಕಾರಣವೂ ತಾನಾಗಿ ತಿಳಿಯುತ್ತದೆ.

ಗಲೀಜಿನ ವಿಷಯದಲ್ಲಿ ನಾವು ಕಲಿತದ್ದು ಬಾಗಿಲ ಬಳಿಯ ಕಾಲೊರಸಿನಿಂದ. ರಾಗಿ ಪ್ರತಿಸಲವೂ ಅದರ ಮೇಲೆಯೇ ಕೂರುತ್ತಿದ್ದಳು. ಫಿನಾಯಿಲ್ ಹಾಕಿ ಒರೆಸಿದೆವು, ಮತ್ತೆ ಅಲ್ಲಿಗೇ ಬಂದಳು. ನಮ್ಮ ಮೂಗಿಗೆ ಹೋದ ವಾಸನೆ ಅವಳ ಮೂಗಿಗೆ ಉಳಿದಿತ್ತು. ಅಲ್ಲದೆ ನೆಲದ ಫಿನಾಯಿಲ್ ಕಾಲಿಗೆ ಅಂಟಿ, ಮರಿ ಕಾಲು ನೆಕ್ಕಿದಾಗ ಹೊಟ್ಟೆಗೆ ಹೋಗುವ ಅಪಾಯವೂ ಇತ್ತು. ಮೊದಲು ಬಟ್ಟೆಯಿಂದ ಒತ್ತಿ ಒದ್ದೆ ತೆಗೆದು, ಸ್ವಲ್ಪ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ, ಒಣಗಿಸಿ ಎಂದರು ವೈದ್ಯರು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ನಮ್ಮದೇ ಅಂಗಳದ ಮೂಲೆಗೆ ಎತ್ತಿಕೊಂಡು ಹೋಗಲು ಶುರುಮಾಡಿದೆವು. ಅಲ್ಲಿ ಮಾಡಿದಾಗ "ಜಾಣೆ" ಎಂದು ಬೆನ್ನು ಸವರಿದೆವು. ಗದರಿದರೆ ಮರಿ ನಿಲ್ಲಿಸುವುದಿಲ್ಲ, ಮಂಚದ ಕೆಳಗೆ ಹೋಗಿ ಮಾಡುತ್ತದೆ. ಕಾಲೊರಸನ್ನಂತೂ ಎಸೆಯಬೇಕಾಯಿತು.

ಎಲ್ಲ ಗಲೀಜೂ ಕ್ಯಾಪ್ಷನ್ನಿಗೆ ಸೇರಿದ್ದಲ್ಲ. ಹುಳದ ಔಷಧ ಕುಡಿಸಿದ ಮರುದಿನ ಅವಳ ಕಕ್ಕದಲ್ಲಿ ಶ್ಯಾವಿಗೆಯಂಥ ಬಿಳಿ ಹುಳ ಬಂದವು. ಬೀದಿಮರಿಗಳಲ್ಲಿ ಇದು ಸಾಮಾನ್ಯ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಹಾಲು ಕುಡಿಯುವಾಗಲೇ ಹುಳ ಮರಿಗೆ ದಾಟುತ್ತದೆ. ಅದಕ್ಕೇ ಎರಡು ವಾರಕ್ಕೊಮ್ಮೆ ಔಷಧ ಕೊಡಬೇಕು ಎಂದರು. ಆದರೆ ಮರಿ ಊಟ ಬಿಟ್ಟು ಮಂಕಾದರೆ, ವಾಂತಿ ಮಾಡಿ ರಕ್ತ ಬೆರೆತ ಭೇದಿ ಶುರುವಾದರೆ, ಅದು ಪಾರ್ವೊ ಇರಬಹುದು. ಲಸಿಕೆಯಾಗದ ಮರಿ ಎರಡು ಮೂರು ದಿನದಲ್ಲೇ ಸಾಯಬಹುದು. ಆಗ ಫೋಟೊ, ಬರಹ ಎಲ್ಲ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡಬೇಕು. ಒರೆಸಿದರೆ ಹೋಗುವ ಗಲೀಜನ್ನು ಮಾತ್ರ ಕ್ಯಾಪ್ಷನ್ನಿನಲ್ಲಿ ಬರೆಯಬೇಕೆಂದು ನಾವು ತೀರ್ಮಾನಿಸಿದೆವು.

ಇನ್ನೊಂದು ಪದವನ್ನೂ ಹೊಡೆದುಹಾಕಿದೆವು. ಮಗಳು "ಕಾಪಾಡಿದೆವು" ಎಂದು ಬರೆದಿದ್ದಳು. ಹಾಗೆಂದರೆ ಫೋಟೊ ನಮ್ಮದಾಗುತ್ತದೆ, ರಾಗಿಯದಾಗುವುದಿಲ್ಲ. "ಬಂದಳು" ಎಂದು ತಿದ್ದಿದಾಗ ಇಡೀ ಸಾಲು ಅವಳದಾಯಿತು. ಸಂತೋಷಕ್ಕೂ "ಮುದ್ದು" ಎಂಬ ಪದ ಸಾಲದು, ಅದನ್ನು ಯಾವ ಮರಿಗಾದರೂ ಹೇಳಬಹುದು. ರಾಗಿ ಮಾತ್ರ ಮಾಡುವುದೇನು ಎಂದು ಮಗಳನ್ನು ಕೇಳಿದೆ. "ಅಪ್ಪ, ಅವಳು ನನ್ನ ಕಾಲ್ಚೀಲ ಕಚ್ಚಿಕೊಂಡೇ ಮಲಗ್ತಾಳೆ" ಎಂದಳು. ಅದೇ ಬೇಕಾಗಿತ್ತು.

ಕೊನೆಗೆ ಒದ್ದೆ ಪೇಪರನ್ನು ಕತ್ತರಿಸದ ಫೋಟೊದ ಕೆಳಗೆ ಹೀಗೆ ಬರೆದೆವು:

"ರಾಗಿ ಬಂದಳು. ಏಳು ವಾರ. ದಿನಕ್ಕೆ ಹದಿನೈದು ಸಲ ನೆಲ ಒರೆಸುತ್ತೇವೆ, ಒಂದು ಕಾಲೊರಸು ಹೋಯಿತು. ರಾತ್ರಿ ನನ್ನ ಕಾಲ್ಚೀಲ ಕಚ್ಚಿಕೊಂಡು ಮಲಗುತ್ತಾಳೆ, ನಾನು ಬಿಡಿಸಿಕೊಳ್ಳುವುದಿಲ್ಲ."

ಅದನ್ನು ಓದಿದ ಪಕ್ಕದ ಬೀದಿಯವರೊಬ್ಬರು ಬಂದು, ಮರಿ ಎಷ್ಟು ಮುದ್ದಾಗಿದೆ ಎನ್ನುವುದಕ್ಕೆ ಮೊದಲು ರಾತ್ರಿ ಎಷ್ಟು ಸಲ ಏಳಬೇಕು ಎಂದು ಕೇಳಿದರು. ಎರಡು ಸಲ ಎಂದೆ. ಮನೆಯವರೊಡನೆ ಮಾತಾಡಿ, ಒಂದು ವಾರದ ಮೇಲೆ ರಾಗಿಯ ಅಣ್ಣನನ್ನು ಕರೆದುಕೊಂಡು ಹೋದರು. ಅವಳ ತಂಗಿ ಇನ್ನೂ ಟೀ ಅಂಗಡಿಯ ಹಿಂದೆಯೇ ಇದ್ದಾಳೆ. ಬೇಕಾದವರು ಬನ್ನಿ, ಹಳೆಯ ಪೇಪರು ನಾವು ಕೊಡುತ್ತೇವೆ.