ಜಿನುಗುವ ಬೆಲ್ಲ ಮತ್ತು ಸೊನ್ನೆಗೆ ಮುಟ್ಟದ ಗೆರೆ

ಮಂಡ್ಯ ಕಡೆಯ ಓದುಗರೊಬ್ಬರು ಎರಡು ಬೆಲ್ಲದ ಅಚ್ಚುಗಳನ್ನು ಕಳಿಸಿ ಒಂದು ಪ್ರಶ್ನೆ ಕೇಳಿದ್ದಾರೆ. ಎರಡೂ ಅಕ್ಕಪಕ್ಕದ ಆಲೆಮನೆಗಳವು. ಒಂದು ಮಳೆಗಾಲ ಮುಗಿಯುವವರೆಗೂ ಕಲ್ಲಿನಂತೆ ಕೂತಿತ್ತು. ಇನ್ನೊಂದು ಶ್ರಾವಣ ಬರುವ ಹೊತ್ತಿಗೇ ಬೆವರಿ, ಸುತ್ತಿದ್ದ ಕಾಗದಕ್ಕೆ ಅಂಟಿಕೊಂಡಿತು. ‘ಕಬ್ಬು ಒಂದೇ ಜಾತಿ, ಹೀಗೇಕೆ?’

ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಅಂದರೆ ನಾವು ಕಾಫಿಗೆ ಹಾಕುವ ಸಕ್ಕರೆಯೇ. ಅದು ಒಡೆದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಕಬ್ಬು ಕಡಿದು ದಿನಗಟ್ಟಲೆ ಬಿಟ್ಟರೆ, ಕಬ್ಬಿನ ಹಾಲು ಹುಳಿಯಾದರೆ, ಸುಣ್ಣ ಸಾಲದೆ ಹೋದರೆ ಈ ಒಡೆತ ಹೆಚ್ಚುತ್ತದೆ. ಫ್ರಕ್ಟೋಸ್ ಗಾಳಿಯ ತೇವವನ್ನು ಚೆನ್ನಾಗಿ ಎಳೆದುಕೊಳ್ಳುವುದರಿಂದ ಬೆಲ್ಲ ಜಿನುಗುತ್ತದೆ. ಗ್ಲೂಕೋಸ್, ಫ್ರಕ್ಟೋಸ್‌ಗಳಿಗೆ ಎದುರಿನ ರಾಸಾಯನಿಕವನ್ನು ಅಪಕರ್ಷಿಸುವ ಗುಣವಿದೆ, ಆದ್ದರಿಂದ ಅವು ಅಪಕರ್ಷಕ ಸಕ್ಕರೆಗಳು. ಸುಕ್ರೋಸ್‌ಗೆ ಆ ಗುಣವಿಲ್ಲ. ಹಾಗಾಗಿ ಬೆಲ್ಲದ ರಾಶಿಯಲ್ಲಿ ಒಡೆದ ಪಾಲನ್ನು ಮಾತ್ರ ಲೆಕ್ಕ ಹಾಕಬಹುದು. ಅದಕ್ಕೆ ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ, ಎಲ್ಲರ ಬಾಯಲ್ಲೂ ಡಿಎನ್‌ಎಸ್.

ಇದನ್ನು ಸಕ್ಕರೆ ಅಳೆಯಲು ಬಳಕೆಗೆ ತಂದವರು ಅಮೆರಿಕದ ಜೇಮ್ಸ್ ಸಮ್ನರ್. 1921ರಲ್ಲಿ ಅವರು ನೋಡುತ್ತಿದ್ದದ್ದು ಮಧುಮೇಹಿಗಳ ಮೂತ್ರವನ್ನು. ಹದಿನೇಳರ ಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಮನುಷ್ಯ. ಒಂದೇ ಕೈಯಲ್ಲಿ ಪಿಪೆಟ್ ಹಿಡಿದು ಕೆಲಸ ಮಾಡಿ, 1926ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಹರಳಾಗಿಸಿ, 1946ರಲ್ಲಿ ನೊಬೆಲ್ ಹಂಚಿಕೊಂಡರು. ಅವರ ಹೆಸರು ಹೇಳಿದರೆ ಜನಕ್ಕೆ ಯೂರಿಯೇಸ್ ನೆನಪಾಗುತ್ತದೆ. ನನಗೆ ಮಾತ್ರ ಮೊದಲು ಕಣ್ಣಿಗೆ ಬರುವುದು ಕುದಿನೀರಿನಲ್ಲಿ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಇಟ್ಟಿಗೆಗೆಂಪಿಗೆ ತಿರುಗುವ ಪ್ರನಾಳಗಳ ಸಾಲು.

ಆ ಬಣ್ಣ ಬರುವುದು ಹೀಗೆ. ಕ್ಷಾರದಲ್ಲಿ ಕುದಿಸಿದಾಗ ಸಕ್ಕರೆ ತಾನು ಆಮ್ಲವಾಗುತ್ತಾ ಡಿಎನ್‌ಎಸ್‌ನ ಒಂದು ನೈಟ್ರೋ ಗುಂಪನ್ನು ಅಮೈನೋ ಗುಂಪಾಗಿ ಬದಲಿಸುತ್ತದೆ. ಮೂಲ ದ್ರಾವಣ ಹಳದಿ, ಹೊಸ ವಸ್ತು ಕೆಂಪು. ಸಕ್ಕರೆ ಹೆಚ್ಚಿದಷ್ಟೂ ಕೆಂಪು ಹೆಚ್ಚು. ಅದು ಹಸಿರು ಬೆಳಕನ್ನು ಎಷ್ಟು ಹೀರುತ್ತದೆಂದು 540 ನ್ಯಾನೋಮೀಟರ್‌ನಲ್ಲಿ ಕಲರಿಮೀಟರ್ ಓದುತ್ತದೆ. ಆ ಓದಿಗೆ ಓ.ಡಿ. ಎನ್ನುತ್ತೇವೆ.

ಆದರೆ ಓ.ಡಿ. ಇಷ್ಟಾದರೆ ಸಕ್ಕರೆ ಇಷ್ಟು ಎಂದು ಹೇಳುವ ಪಟ್ಟಿ ಎಲ್ಲೂ ಇಲ್ಲ. ಹಿಂದೆ ನಮ್ಮಲ್ಲಿ ಊರಿಗೊಂದು ಸೇರಿತ್ತು. ಒಂದು ಸಂತೆಯ ಸೇರು ಇನ್ನೊಂದು ಸಂತೆಯಲ್ಲಿ ಮುಕ್ಕಾಲು ಸೇರಾಗುತ್ತಿತ್ತು. ತಿಳಿದವರು ಹೊಸ ಊರಿಗೆ ಹೋದರೆ ತಮ್ಮ ಮನೆಯ ಪಾವಿನಲ್ಲಿ ಅಲ್ಲಿಯ ಸೇರನ್ನು ಮೊದಲು ಅಳೆದು ನೋಡಿ, ಆಮೇಲೆ ರಾಗಿ ಕೊಳ್ಳುತ್ತಿದ್ದರು. ಡಿಎನ್‌ಎಸ್ ಅಂಥ ಸೇರು. ಕುದಿಸಿದ್ದು ಐದು ನಿಮಿಷವೋ ಹದಿನೈದೋ, ನೀರು ನಿಜವಾಗಿ ಕುದಿಯುತ್ತಿತ್ತೋ ಇಲ್ಲವೋ, ಕಾರಕ ಮಾಡಿ ಎಷ್ಟು ದಿನವಾಯಿತು, ಎಲ್ಲದಕ್ಕೂ ಬಣ್ಣ ಬದಲಾಗುತ್ತದೆ. ಆದ್ದರಿಂದ ತೂಕ ಗೊತ್ತಿರುವ ಗ್ಲೂಕೋಸ್ ಎಂಬ ಮನೆಯ ಪಾವಿನಿಂದ ಪ್ರತಿ ಸಲವೂ ಅಳತೆ ಕಟ್ಟಿಕೊಳ್ಳಬೇಕು. ಗ್ಲೂಕೋಸ್ ಗೆರೆ ಎಂದರೆ ಅದೇ. ಕಳೆದ ತಿಂಗಳ ಗೆರೆಯನ್ನು ಗೋಡೆಗೆ ಅಂಟಿಸಿ ಈ ತಿಂಗಳ ಬೆಲ್ಲ ಅಳೆಯುವವರನ್ನು ಕಂಡಿದ್ದೇನೆ. ಆ ಅಂಕಿಗಳನ್ನು ನಾನು ನಂಬುವುದಿಲ್ಲ.

ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುವಂತೆ ಗ್ಲೂಕೋಸ್ ದ್ರಾವಣ ಮಾಡಿಕೊಂಡೆ. ಐದು ಪ್ರನಾಳಗಳಿಗೆ 0.2, 0.4, 0.6, 0.8 ಮತ್ತು 1 ಮಿಲಿಲೀಟರ್ ಹಾಕಿ, ನೀರು ಸೇರಿಸಿ ಎಲ್ಲವನ್ನೂ 3 ಮಿಲಿಲೀಟರಿಗೆ ತಂದೆ. ಆರನೆಯದರಲ್ಲಿ ಬರೀ ನೀರು, ಅದು ಬ್ಲ್ಯಾಂಕ್. ಒಂದು ಗ್ರಾಂ ಬೆಲ್ಲವನ್ನು ನೂರು ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಸೋಸಿ, ಅದರಿಂದ ಅರ್ಧ ಮಿಲಿಲೀಟರ್, ಅಂದರೆ 5 ಮಿಲಿಗ್ರಾಂ ಬೆಲ್ಲ, ಬೇರೆ ಪ್ರನಾಳಕ್ಕೆ. ಎರಡು ಬೆಲ್ಲಕ್ಕೆ ಎರಡು ಪ್ರನಾಳ, ಇವನ್ನೂ ನೀರು ಸೇರಿಸಿ 3 ಮಿಲಿಲೀಟರಿಗೆ ತಂದೆ. ಪ್ರತಿಯೊಂದಕ್ಕೂ 3 ಮಿಲಿಲೀಟರ್ ಡಿಎನ್‌ಎಸ್ ಹಾಕಿ, ಬಾಯಿಗೆ ಗೋಲಿ ಇಟ್ಟು, ಎಲ್ಲವನ್ನೂ ಒಟ್ಟಿಗೇ ಕುದಿಯುವ ನೀರಿಗೆ ಇಳಿಸಿ ಹದಿನೈದು ನಿಮಿಷ ಬಿಟ್ಟೆ. ತೆಗೆದ ಕೂಡಲೇ, ಬಿಸಿ ಇರುವಾಗಲೇ, ಬಣ್ಣ ನಿಲ್ಲಲೆಂದು ಶೇ. 40ರ ರೋಷೆಲ್ ಲವಣ ಒಂದು ಮಿಲಿಲೀಟರ್. ಇದನ್ನು ಮೊದಲೇ ಕಾರಕಕ್ಕೆ ಬೆರೆಸದೆ ಕೊನೆಗೆ ಹಾಕಿ ಎಂದು 1959ರಲ್ಲಿ ತೋರಿಸಿದವರು ಮಿಲ್ಲರ್. ಬೆರೆಸಿಟ್ಟರೆ ಕಾರಕದಲ್ಲಿರುವ ಸಲ್ಫೈಟ್‌ನ ಕೆಲಸಕ್ಕೆ ಅದು ಅಡ್ಡಬರುತ್ತದೆ.

ಆರಿಸಿ, ಬ್ಲ್ಯಾಂಕ್‌ನಿಂದ ಯಂತ್ರವನ್ನು ಸೊನ್ನೆಗೆ ತಂದು ಓದಿದಾಗ ಗ್ಲೂಕೋಸ್‌ನ ಐದು ಪ್ರನಾಳಗಳು 0.09, 0.22, 0.32, 0.45, 0.57 ತೋರಿಸಿದವು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಅವುಗಳ ನಡುವೆ ಗೆರೆ ಎಳೆದರೆ, ಒಂದು ಮಿಲಿಗ್ರಾಂಗೆ ಸುಮಾರು 0.6 ಏರುತ್ತದೆ. ಆದರೆ ಗೆರೆ ಸೊನ್ನೆಯ ಮೂಲೆಗೆ ಬರುವುದಿಲ್ಲ. ಸುಮಾರು 0.03ರಷ್ಟು ಕೆಳಗೆ ಹಾಯುತ್ತದೆ:

ಓ.ಡಿ. = 0.6 × ಗ್ಲೂಕೋಸ್ (ಮಿ.ಗ್ರಾಂ) − 0.03

ವಿದ್ಯಾರ್ಥಿಗಳು ಇಲ್ಲಿ ಗಾಬರಿಯಾಗುತ್ತಾರೆ. ಸಕ್ಕರೆ ಇಲ್ಲದಿದ್ದರೆ ಬಣ್ಣವೂ ಇಲ್ಲವಲ್ಲ, ಗೆರೆ ಸೊನ್ನೆಯಿಂದಲೇ ಹೊರಡಬೇಕಲ್ಲ ಎಂದು ಅದನ್ನು ಬಲವಂತವಾಗಿ ಮೂಲೆಗೆ ಕಟ್ಟುತ್ತಾರೆ. ತಪ್ಪು ಗೆರೆಯದ್ದಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕವೂ ಸಕ್ಕರೆಯನ್ನು ಉತ್ಕರ್ಷಿಸುತ್ತದೆ. ಪ್ರತಿ ಪ್ರನಾಳದಲ್ಲೂ ಅದು ತನ್ನ ಪಾಲನ್ನು ಮೊದಲು ತೆಗೆದುಕೊಂಡುಬಿಡುತ್ತದೆ, ಉಳಿದದ್ದು ಡಿಎನ್‌ಎಸ್‌ಗೆ. ಅದನ್ನು ತಡೆಯುವುದೇ ಸಲ್ಫೈಟ್‌ನ ಕೆಲಸ, ಆದರೆ ಪೂರ್ತಿ ತಡೆಯಲಾರದು. ಒಂದು ಮಿಲಿಗ್ರಾಂ ಇರುವಲ್ಲಿ ಈ ನಷ್ಟ ಕಾಣುವುದಿಲ್ಲ, 0.2 ಇರುವಲ್ಲಿ ಎದ್ದು ಕಾಣುತ್ತದೆ. ಸಲ್ಫೈಟ್ ಗಾಳಿಗೆ ಕೆಡುವ ವಸ್ತು. ಮೊದಲ ಪ್ರನಾಳ ಬ್ಲ್ಯಾಂಕ್‌ನಷ್ಟೇ ಹಳದಿಯಾಗಿ ಉಳಿದರೆ ಕಾರಕ ಹಳತಾಯಿತೇ ಎಂದು ಮೊದಲು ಅನುಮಾನಿಸಿ.

ಈಗ ಬೆಲ್ಲಕ್ಕೆ ಬರೋಣ. ಅಂಟುಬೆಲ್ಲ 0.36 ತೋರಿಸಿತು. ಅದಕ್ಕೆ 0.03 ಕೂಡಿಸಿ 0.6ರಿಂದ ಭಾಗಿಸಿದರೆ 0.65 ಮಿಲಿಗ್ರಾಂ. ಇದು 5 ಮಿಲಿಗ್ರಾಂ ಬೆಲ್ಲದಲ್ಲಿದ್ದದ್ದು, ಅಂದರೆ ಶೇ. 13. ಗಟ್ಟಿಬೆಲ್ಲ ತೋರಿಸಿದ್ದು 0.12. ಅದರಲ್ಲಿ 0.25 ಮಿಲಿಗ್ರಾಂ, ಶೇ. 5. ಇದೇ ಗೆರೆಯನ್ನು ಸೊನ್ನೆಗೆ ಕಟ್ಟಿದ್ದರೆ ಅಂಟುಬೆಲ್ಲದ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಇರುತ್ತಿತ್ತು, ಗಟ್ಟಿಬೆಲ್ಲದ್ದು ಮಾತ್ರ ಶೇ. 4.3ಕ್ಕೆ ಇಳಿಯುತ್ತಿತ್ತು. ಒಳ್ಳೆಯ ಬೆಲ್ಲ ಇನ್ನೂ ಒಳ್ಳೆಯದಾಗಿ ಕಾಣುವ ಸುಳ್ಳು ಅದು.

ಬೆಲ್ಲದ ಕಂದು ಬಣ್ಣ ತಾನೂ ಸ್ವಲ್ಪ ಹಸಿರು ಬೆಳಕನ್ನು ಹೀರುತ್ತದೆ. ಹಾಗಾಗಿ ಅದೇ ಬೆಲ್ಲದ ನೀರಿಗೆ ಡಿಎನ್‌ಎಸ್ ಹಾಕಿ, ಕುದಿಸದೆ ಇಟ್ಟ ಇನ್ನೊಂದು ಪ್ರನಾಳವನ್ನು ಓದಿ ಕಳೆಯಬೇಕು. ಮೇಲಿನ ಅಂಕಿಗಳು ಕಳೆದ ನಂತರದವು. ಓ.ಡಿ. 0.57 ದಾಟಿದ್ದರೆ ಗೆರೆಯನ್ನು ಮುಂದಕ್ಕೆ ಎಳೆಯದೆ, ಬೆಲ್ಲದ ನೀರನ್ನೇ ತೆಳುಮಾಡಿ ಮತ್ತೆ ಕುದಿಸುತ್ತಿದ್ದೆ. ಇನ್ನೊಂದು ಮಾತು: ಬೆಲ್ಲದಲ್ಲಿ ಗ್ಲೂಕೋಸ್ ಜೊತೆಗೆ ಫ್ರಕ್ಟೋಸೂ ಇದೆ, ಎರಡೂ ಒಂದೇ ಸಮ ಬಣ್ಣ ಕೊಡುತ್ತವೆಂಬ ಖಾತರಿಯಿಲ್ಲ. ಆದ್ದರಿಂದ ಫಲಿತಾಂಶ ಬರೆಯುವಾಗ ‘ಗ್ಲೂಕೋಸ್ ಲೆಕ್ಕದಲ್ಲಿ’ ಎಂದು ಸೇರಿಸುವುದು ಪ್ರಾಮಾಣಿಕತೆ.

ಓದುಗರ ಪ್ರಶ್ನೆಗೆ ಉತ್ತರ: ನಿಮ್ಮ ಅಂಟುಬೆಲ್ಲದಲ್ಲಿ ಒಡೆದ ಸಕ್ಕರೆ ಗಟ್ಟಿಬೆಲ್ಲದ ಸುಮಾರು ಎರಡೂವರೆ ಪಟ್ಟು ಇದೆ. ಆ ಆಲೆಮನೆಯವರನ್ನು ಕಬ್ಬು ಕಡಿದು ಎಷ್ಟು ದಿನಕ್ಕೆ ಅರೆದರು, ಸುಣ್ಣ ಎಷ್ಟು ಹಾಕಿದರು ಎಂದು ಕೇಳಿ ನೋಡಿ.