ತುಟಿ ಒಂದು, ದನಿ ಇನ್ನೊಂದು

ಪರದೆಯ ಮೇಲೆ ಒಬ್ಬ ಯುವತಿಯ ಮುಖ. ತುಟಿಗಳು ‘ಗ, ಗ’ ಎನ್ನುತ್ತಿವೆ. ಆದರೆ ಸ್ಪೀಕರಿನಿಂದ ಹೊರಡುತ್ತಿರುವ ದನಿ ‘ಬ, ಬ’. ನೋಡುತ್ತ ಕೂತವರಿಗೆ ಕೇಳಿಸುವುದು ಎರಡೂ ಅಲ್ಲ, ‘ಡ, ಡ’. ಕಣ್ಣು ಮುಚ್ಚಿದರೆ ಸ್ವಚ್ಛವಾದ ‘ಬ’, ತೆರೆದರೆ ಮತ್ತೆ ‘ಡ’. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಅವರ ಪ್ರಯೋಗದಲ್ಲಿ ದೊಡ್ಡವರಿಂದ ಬಂದ ಉತ್ತರಗಳಲ್ಲಿ ಶೇ 98ರಷ್ಟು ಇಂಥ ಬೆರಕೆ ಉತ್ತರಗಳೇ. ಅಂದಿನಿಂದ ಇದಕ್ಕೆ ಮೆಕ್‌ಗರ್ಕ್ ಪರಿಣಾಮ ಎಂದು ಹೆಸರು.

ಇದನ್ನು ಕಣ್ಕಟ್ಟು ಎಂದು ನಕ್ಕು ಬಿಡಬಹುದಿತ್ತು. ಆದರೆ ಪ್ರಶ್ನೆ ಉಳಿಯುತ್ತದೆ: ‘ಡ’ವೇ ಯಾಕೆ?

ಉತ್ತರದ ಅರ್ಧ ನಮ್ಮ ವರ್ಣಮಾಲೆಯಲ್ಲೇ ಇದೆ. ಕವರ್ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುತ್ತದೆ, ಪವರ್ಗ ತುಟಿಯಲ್ಲಿ, ಟವರ್ಗ ತವರ್ಗಗಳು ನಡುವೆ ಎಲ್ಲೋ. ‘ಬ’, ‘ಡ’, ‘ಗ’ ಮೂರಕ್ಕೂ ಗಂಟಲಿನ ಕಂಪನ ಒಂದೇ, ಉಸಿರನ್ನು ತಡೆದು ಬಿಡುವ ರೀತಿಯೂ ಒಂದೇ. ಬೇರೆಯಾಗುವುದು ತಡೆದ ಜಾಗ ಮಾತ್ರ. ಆ ವ್ಯತ್ಯಾಸ ಕಿವಿಗೆ ತಿಳಿಯುವುದು ತಡೆ ಬಿಟ್ಟ ಕೂಡಲೇ ಬರುವ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಚಿಕ್ಕ ಚೂರಿನಲ್ಲಿ. ಸಂತೆಯ ಗದ್ದಲದಲ್ಲಿ, ಮಿಕ್ಸಿ ತಿರುಗುವಾಗ ಮೊದಲು ಮುಳುಗಿಹೋಗುವುದು ಇದೇ ಚೂರು. ‘ಪ’ ಅಂದರೋ ‘ಬ’ ಅಂದರೋ ಎಂಬುದನ್ನು ಕಿವಿ ಗದ್ದಲದಲ್ಲೂ ಸಾಕಷ್ಟು ಹಿಡಿಯುತ್ತದೆ, ‘ಬ’ ಅಂದರೋ ‘ಡ’ ಅಂದರೋ ಎಂಬಲ್ಲಿ ಎಡವುತ್ತದೆ.

ಕಣ್ಣಿನ ಕಥೆ ಇದಕ್ಕೆ ಸರಿಯಾಗಿ ಉಲ್ಟಾ. ‘ಪ’, ‘ಬ’, ‘ಮ’ ಮೂರನ್ನೂ ಶಬ್ದವಿಲ್ಲದೆ ಕನ್ನಡಿಯ ಮುಂದೆ ಹೇಳಿ ನೋಡಿ, ಮುಖ ಒಂದೇ. ಆದರೆ ತುಟಿ ಮುಚ್ಚಿತೋ ಇಲ್ಲವೋ ಎಂಬುದು ಎದುರಿಗಿರುವವರಿಗೆ ತಪ್ಪದೆ ಕಾಣುತ್ತದೆ. ಕಿವಿ ಸೋಲುವ ಜಾಗದಲ್ಲೇ ಕಣ್ಣಿಗೆ ಬಲ. ಮಾತಾಡುವವರ ಮುಖ ಕಂಡರೆ ಗದ್ದಲದಲ್ಲೂ ಹೆಚ್ಚು ಮಾತು ಅರ್ಥವಾಗುತ್ತದೆ ಎಂದು ಸಂಬಿ ಮತ್ತು ಪೊಲಾಕ್ ಎಂಬ ಅಮೆರಿಕದ ಸಂಶೋಧಕರು 1954ರಲ್ಲೇ ತೋರಿಸಿದ್ದರು. ಮಾಸ್ಕಿನ ಕಾಲದಲ್ಲಿ ಕಿವಿ ಮಂದವಾದವರು ಪಟ್ಟ ಪಾಡಿಗೆ ಕಾರಣ ದನಿ ತಗ್ಗಿದ್ದಷ್ಟೇ ಅಲ್ಲ, ತುಟಿ ಮರೆಯಾದದ್ದೂ ಹೌದು.

ಈಗ ಆ ಯುವತಿಯ ಮುಖಕ್ಕೆ ಮರಳೋಣ. ಮಿದುಳಿನ ಮುಂದೆ ಎರಡು ಸಾಕ್ಷಿಗಳಿವೆ. ತುಟಿ ಮುಚ್ಚಲೇ ಇಲ್ಲ, ಆದ್ದರಿಂದ ಅದು ‘ಬ’ ಆಗಿರಲಾರದು ಎನ್ನುತ್ತದೆ ಕಣ್ಣು. ಆದರೆ ಅದು ‘ಗ’ವೇ ಎಂದು ಖಚಿತವಾಗಿ ಹೇಳಲು ಕಣ್ಣಿಗೂ ಆಗದು. ತುಟಿ ತೆರೆದೇ ಇರುವಾಗ ‘ಗ’ ಮತ್ತು ‘ಡ’ಗಳ ನಡುವೆ ಕಾಣುವ ವ್ಯತ್ಯಾಸ ಅತಿ ಕಡಿಮೆ. ಕಿವಿ ‘ಬ’ ಎನ್ನುತ್ತದೆ, ಆದರೆ ‘ಬ’ದ ದನಿಗೆ ‘ಗ’ಕ್ಕಿಂತ ‘ಡ’ ಹತ್ತಿರ. ಇಬ್ಬರೂ ಬಲವಾಗಿ ಅಲ್ಲಗಳೆಯದ ಅಕ್ಷರ ಉಳಿದದ್ದು ‘ಡ’ ಒಂದೇ. ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಕೊಟ್ಟ ವಿವರಣೆಯೂ ಹೆಚ್ಚು ಕಡಿಮೆ ಇದೇ.

ಈ ವಿವರಣೆ ನಿಲ್ಲುತ್ತದೆಯೇ ಎಂದು ನೋಡಲು ದಾರಿ ಸುಲಭ: ಅದಲು ಬದಲು ಮಾಡುವುದು. ದನಿ ‘ಗ’, ತುಟಿ ‘ಬ’. ಆಗ ‘ಡ’ ಕೇಳಿಸುವುದಿಲ್ಲ. ಹಲವರಿಗೆ ‘ಬ್ಗ’, ‘ಗಬ್ಗ’ ಎಂಬಂಥ ಜೋಡಿ ಕೇಳಿಸುತ್ತದೆ. ಮುಚ್ಚಿದ ತುಟಿಯನ್ನು ಕಣ್ಣು ಕಂಡಿದೆ, ಅದನ್ನು ‘ಗ’ದ ದನಿಯೊಂದಿಗೆ ಹೊಂದಿಸಬಲ್ಲ ನಡುವಿನ ಅಕ್ಷರ ಯಾವುದೂ ಇಲ್ಲ. ಹಾಗಾಗಿ ಮಿದುಳು ಎರಡನ್ನೂ ಇಟ್ಟುಕೊಳ್ಳುತ್ತದೆ. ನನ್ನ ಮಟ್ಟಿಗೆ ಮೊದಲಿನದಕ್ಕಿಂತ ಹೆಚ್ಚು ಕಲಿಸುವ ಪ್ರಯೋಗ ಇದು. ಎರಡರ ಸರಾಸರಿ ತೆಗೆಯುವುದಷ್ಟೇ ಮಿದುಳಿನ ಕೆಲಸವಾಗಿದ್ದರೆ ಇಲ್ಲೂ ‘ಡ’ವೇ ಬರಬೇಕಿತ್ತು. ಡಬ್ಬಿಂಗ್ ಸಂಭಾಷಣೆ ಬರೆಯುವವರು ನಟನ ತುಟಿ ಮುಚ್ಚುವ ಕಡೆ ‘ಪ’, ‘ಬ’, ‘ಮ’ ಇರುವ ಪದಕ್ಕಾಗಿ ತಡಕಾಡುವುದೂ ಇದಕ್ಕೇ. ಮಿಕ್ಕ ಅಕ್ಷರಗಳು ತಪ್ಪಿದರೆ ನಡೆದೀತು, ಮುಚ್ಚಿದ ತುಟಿಯನ್ನು ಮಾತ್ರ ಪ್ರೇಕ್ಷಕನ ಕಣ್ಣು ಬಿಡುವುದಿಲ್ಲ.

ಮನೆಯಲ್ಲೇ ಮಾಡಿ ನೋಡಬಹುದು. ಫೋನಿನಲ್ಲಿ ಒಬ್ಬರ ಮುಖವನ್ನು ಹತ್ತಿರದಿಂದ, ಒಂದೇ ಲಯದಲ್ಲಿ ‘ಬ ಬ ಬ’, ಆಮೇಲೆ ‘ಗ ಗ ಗ’ ಎನ್ನಿಸಿ ಚಿತ್ರಿಸಿಕೊಳ್ಳಿ. ಎಡಿಟಿಂಗ್ ಆ್ಯಪ್‌ನಲ್ಲಿ ‘ಗ’ದ ಚಿತ್ರಕ್ಕೆ ‘ಬ’ದ ದನಿ ಕೂಡಿಸಿ. ಮೂಲ ‘ಗ’ ಸಿಡಿಯುವ ಜಾಗದಲ್ಲೇ ‘ಬ’ ಸಿಡಿಯಬೇಕು, ಒಂದೆರಡು ಫ್ರೇಮಿನ ವ್ಯತ್ಯಾಸ ಪರವಾಗಿಲ್ಲ. ಕಣ್ಣು ಮುಚ್ಚಿ ಕೇಳಿದಾಗ ‘ಬ’ ಸ್ಪಷ್ಟವಾಗಿರದಿದ್ದರೆ ಪ್ರಯೋಗ ಕೆಟ್ಟಂತೆ, ಆಗ ತಪ್ಪು ರೆಕಾರ್ಡಿಂಗಿನದು, ಕಣ್ಣಿನದಲ್ಲ. ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಏನು ಕೇಳಿಸಿತು ಎಂದಷ್ಟೇ ಕೇಳಿ. ‘ಬ’ವೋ ‘ಡ’ವೋ ಎಂದು ಆಯ್ಕೆ ಕೊಟ್ಟರೆ ‘ಡ’ ಎನ್ನುವವರು ಹೆಚ್ಚುತ್ತಾರೆ. ಪ್ರಯೋಗಾಲಯಗಳಲ್ಲೂ ಹೀಗೇ ಆಗಿದೆ.

ಗುಟ್ಟು ತಿಳಿದ ಮೇಲೂ ‘ಡ’ ಕೇಳಿಸುತ್ತಲೇ ಇರುತ್ತದೆ ಎಂಬುದು ಸೋಜಿಗ. ಗಂಡಸಿನ ದನಿಯನ್ನು ಹೆಂಗಸಿನ ಮುಖಕ್ಕೆ ಕೂಡಿಸಿದರೂ ಅಷ್ಟೇ, ಎರಡೂ ಒಬ್ಬರದಲ್ಲ ಎಂದು ಎದ್ದು ಕಂಡರೂ ಬೆರಕೆ ನಿಲ್ಲುವುದಿಲ್ಲ. ಕಾಲದ ವಿಷಯದಲ್ಲಿ ಮಾತ್ರ ಮಿತಿಯಿದೆ. ದನಿ ತುಟಿಗಿಂತ ಸುಮಾರು 170 ಮಿಲಿಸೆಕೆಂಡ್ ತಡವಾದರೂ ಮಿದುಳು ಎರಡನ್ನೂ ಕೂಡಿಸಿಕೊಳ್ಳುತ್ತದೆ. ದನಿಯೇ ಮುಂದಾದರೆ ತಾಳ್ಮೆ ಅದರ ಕಾಲುಭಾಗವೂ ಇಲ್ಲ. ಬೆಳಕು ಬಂದ ಮೇಲೇ ಶಬ್ದ ಬರುವ ಲೋಕದಲ್ಲಿ ಬೆಳೆದ ಮಿದುಳಿಗೆ ಇದು ಸಹಜ. ಹತ್ತು ಮೀಟರ್ ದೂರದವರ ಮಾತು ಅವರ ತುಟಿಗಿಂತ ಸುಮಾರು 30 ಮಿಲಿಸೆಕೆಂಡ್ ಹಿಂದಿರುತ್ತದೆ. ಮೇಲಾಗಿ, ‘ಬ’ ಎನ್ನುವ ಮುನ್ನ ತುಟಿ ಮುಚ್ಚಲೇಬೇಕು, ದನಿ ಬರುವುದು ಆಮೇಲೆ.

ಈ ಬೆರಕೆಯಲ್ಲಿ ಕಿವಿಯ ಮೇಲ್ಭಾಗದ ಹತ್ತಿರ, ಮಿದುಳಿನ ಪಾರ್ಶ್ವದಲ್ಲಿರುವ ಒಂದು ಮಡಿಕೆಗೆ ದೊಡ್ಡ ಪಾತ್ರವಿದೆ. ಎಡಬದಿಯ ಆ ಮಡಿಕೆಯನ್ನು ಕಾಂತೀಯ ಮಿಡಿತದಿಂದ ಕ್ಷಣಕಾಲ ಅಡ್ಡಿಪಡಿಸಿದಾಗ ಪರಿಣಾಮ ತಗ್ಗಿತು ಎಂದು ಮೈಕೆಲ್ ಬೋಶಾಂಪ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು.

ಆದರೆ ಆ ಶೇ 98ರ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಅದೇ ಬೋಶಾಂಪ್ ತಂಡ 2015ರಲ್ಲಿ ಹಲವು ವಿಡಿಯೊಗಳನ್ನು ಹಲವರ ಮುಂದಿಟ್ಟಾಗ, ಕೆಲವರಿಗೆ ಪರಿಣಾಮ ಒಮ್ಮೆಯೂ ಆಗಲಿಲ್ಲ, ಕೆಲವರಿಗೆ ಪ್ರತಿ ಸಲವೂ ಆಯಿತು. ಒಂದು ಮುಖದ ವಿಡಿಯೊ ಚೆನ್ನಾಗಿ ಮೋಸಗೊಳಿಸಿದರೆ ಇನ್ನೊಂದು ಸಪ್ಪೆ. 1991ರಲ್ಲಿ ಸೆಕಿಯಾಮ ಮತ್ತು ತೊಹ್ಕುರ ಜಪಾನೀ ಕೇಳುಗರಿಗೆ ಸ್ಪಷ್ಟ ಜಪಾನೀ ದನಿ ಕೇಳಿಸಿದಾಗ ಪರಿಣಾಮ ಬಹಳ ಕಡಿಮೆಯಿತ್ತು, ಗದ್ದಲ ಬೆರೆಸಿದಾಗ ಹೆಚ್ಚಿತು. ಆಗ ಇದು ಭಾಷೆಯ, ಸಂಸ್ಕೃತಿಯ ಗುಣವೆಂದು ಹಲವರು ಹೇಳಿದರು. ಮುಂದೆ ಚೀನೀಯರನ್ನೂ ಅಮೆರಿಕನ್ನರನ್ನೂ ಹೋಲಿಸಿದಾಗ ಅಂಥ ಅಂತರ ಕಾಣಲಿಲ್ಲ, ಎರಡೂ ಕಡೆ ವ್ಯಕ್ತಿಯಿಂದ ವ್ಯಕ್ತಿಗೆ ಇದ್ದ ವ್ಯತ್ಯಾಸವೇ ದೊಡ್ಡದು.

ಇನ್ನೂ ಇರಿಸುಮುರಿಸಿನ ಸಂಗತಿ 2017ರಲ್ಲಿ ಬಂತು. ಮೆಕ್‌ಗರ್ಕ್ ವಿಡಿಯೊಗೆ ಹೆಚ್ಚು ಮೋಸಹೋಗುವವರು ಗದ್ದಲದಲ್ಲಿ ಮುಖ ನೋಡಿ ಇಡೀ ವಾಕ್ಯ ಹಿಡಿಯುವುದರಲ್ಲಿ ಮುಂದಿರುತ್ತಾರೆಯೇ ಎಂದು ವ್ಯಾನ್ ಎಂಗನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಎರಡಕ್ಕೂ ನಂಟು ಸಿಗಲಿಲ್ಲ. ನಿಜವಾದ ಮಾತಿನಲ್ಲಿ ತುಟಿ ಮತ್ತು ದನಿ ಒಂದನ್ನೊಂದು ಸುಳ್ಳು ಮಾಡುವುದಿಲ್ಲ, ಜೊತೆಗೆ ಅರ್ಥ, ವ್ಯಾಕರಣ, ಸಂದರ್ಭಗಳೂ ನೆರವಿಗಿರುತ್ತವೆ. ಒಂಟಿ ಅಕ್ಷರದ ಜಗಳದಲ್ಲಿ ಯಾರು ಗೆಲ್ಲುತ್ತಾರೆ ಎಂಬುದರಿಂದ ಇಡೀ ಮಾತುಕತೆಯ ಶಕ್ತಿಯನ್ನು ಅಳೆಯಲಾಗದು. ಕಿವಿ ಮಂದವಾದವರಿಗೆ ತುಟಿಯೋದು ಎಷ್ಟು ನೆರವಾದೀತು ಎಂದು ತಿಳಿಯಬೇಕಾದರೆ ಗದ್ದಲದ ನಡುವೆ ಪೂರ್ತಿ ವಾಕ್ಯಗಳನ್ನೇ ಕೇಳಿಸಿ ನೋಡಬೇಕು.